ಮಾದರಿಗೆ ಸರಿ, ಮಾತಿಗೆ ತಪ್ಪು: ಹರಾಜಿನಲ್ಲಿ ಕೊಂಡ ಬಟ್ಟೆ ಯಾರ ತಲೆಗೆ?

ಥಾನಿನ ಅಂಚಿನಿಂದ ನಾಲ್ಕೈದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಬೆಂಕಿಗೆ ಒಡ್ಡಿದರೆ ಬಟ್ಟೆ ತನ್ನ ಜಾತಕವನ್ನು ತಾನೇ ಹೇಳುತ್ತದೆ. ಹತ್ತಿಯಾದರೆ ಕಾಗದದ ವಾಸನೆ ಬೀರುತ್ತಾ ಉರಿದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಬೆಂಕಿ ಕಂಡೊಡನೆ ಮುದುಡಿ, ಕರಗಿ, ಆರಿದ ಮೇಲೆ ಗಟ್ಟಿಯಾದ ಕಪ್ಪು ಗುಂಡಾಗುತ್ತದೆ. ಎರಡೂ ಬೆರೆತಿದ್ದರೆ ಬೂದಿಯೊಳಗೆ ಆ ಗಟ್ಟಿ ಕಣಗಳು ಕೈಗೆ ತಗಲುತ್ತವೆ.

ಒಂದು ವ್ಯವಹಾರವನ್ನು ಊಹಿಸಿಕೊಳ್ಳೋಣ. ದಾಸ್ತಾನು ಖಾಲಿ ಮಾಡುತ್ತಿರುವ ವ್ಯಾಪಾರಿಯೊಬ್ಬರು ಬಟ್ಟೆಯನ್ನು ಆನ್‌ಲೈನ್ ಹರಾಜಿಗೆ ಇಟ್ಟಿದ್ದಾರೆ. ಪಟ್ಟಿಯಲ್ಲಿ 7 ಮತ್ತು 8ನೇ ಲಾಟ್‌ಗಳ ಎದುರು ಹೀಗಿದೆ: ‘ಶುದ್ಧ ಹತ್ತಿ ಶರ್ಟಿಂಗ್, ಅಗಲ 58 ಇಂಚು, ತಲಾ 40 ಥಾನು.’ ಕೇಳಿದವರಿಗೆಲ್ಲ ಅಂಗೈ ಅಗಲದ ತುಣುಕೊಂದನ್ನು ಮಾದರಿಯಾಗಿ ಕಳುಹಿಸಿದ್ದಾರೆ. ಉಡುಪು ಹೊಲಿಸಿ ಮಾರುವ ಒಬ್ಬರು ಆ ತುಣುಕನ್ನು ಮುಟ್ಟಿ, ಬೆಳಕಿಗೆ ಹಿಡಿದು, ಒಗೆದು ನೋಡಿ ಎರಡೂ ಲಾಟ್‌ಗಳನ್ನು ಕೂಗಿ ಗೆದ್ದರು. ಥಾನುಗಳು ಬಂದವು. ಬಣ್ಣ, ನೇಯ್ಗೆ, ತೂಕ ಎಲ್ಲವೂ ಮಾದರಿಯಂತೆಯೇ ಇವೆ. ಅನುಮಾನ ಬಂದು ಎಳೆ ಸುಟ್ಟರೆ ಬೂದಿಯೊಳಗೆ ಗಟ್ಟಿ ಕಪ್ಪು ಗುಂಡು! ತಮ್ಮ ಬಳಿ ಉಳಿದಿದ್ದ ಮಾದರಿಯ ತುಣುಕಿನಿಂದಲೂ ಎಳೆ ತೆಗೆದು ಸುಟ್ಟರೆ ಅದರಲ್ಲೂ ಅದೇ ಗುಂಡು.

ಮಾರಿದವರ ಉತ್ತರ ಸಿದ್ಧವಾಗಿರುತ್ತದೆ: ‘ತೋರಿಸಿದ್ದನ್ನೇ ಕೊಟ್ಟಿದ್ದೇನೆ. ನೋಡಿಯೇ ಕೂಗಿದ್ದೀರಿ. ಹರಾಜಿನ ಮಾಲು, ಇದ್ದದ್ದು ಇದ್ದ ಹಾಗೆ.’ ಕೇಳಲು ಇದು ನ್ಯಾಯವಾಗಿಯೇ ಇದೆ. ಆದರೆ 1930ರ ಸರಕು ಮಾರಾಟ ಕಾಯ್ದೆಯ ಮುಂದಿಟ್ಟರೆ ಈ ಮೂರು ವಾಕ್ಯಗಳಲ್ಲಿ ಒಂದೂ ಪೂರ್ತಿಯಾಗಿ ನಿಲ್ಲುವುದಿಲ್ಲ.

ಮಾದರಿ ಎಷ್ಟು ಮಾತನಾಡುತ್ತದೆ

ಮೊದಲಿಗೆ, ಮಾದರಿ ತೋರಿಸಿದ ಮಾತ್ರಕ್ಕೆ ಅದು ‘ಮಾದರಿಯ ಮೇಲಿನ ಮಾರಾಟ’ ಆಗುವುದಿಲ್ಲ. ಮಾದರಿಯಂತೆಯೇ ಸರಕು ಇರಬೇಕು ಎಂಬ ಒಪ್ಪಂದ ಸ್ಪಷ್ಟವಾಗಿಯೋ ಸೂಚ್ಯವಾಗಿಯೋ ಇರಬೇಕು ಎನ್ನುತ್ತದೆ 17ನೇ ಕಲಂ. ಬಣ್ಣದ ಅಂದಾಜಿಗೆಂದು ಮಾತ್ರ ತುಣುಕು ಕಳುಹಿಸಿದ್ದೇನೆ ಎಂದು ಮಾರುವವರು ಮೊದಲೇ ಬರೆದಿದ್ದರೆ ಆ ತುಣುಕು ಬಣ್ಣಕ್ಕಷ್ಟೇ ಸಾಕ್ಷಿ. ನಮ್ಮ ಪ್ರಕರಣದಲ್ಲಿ ಅಂಥ ಮಾತಿಲ್ಲ. ಅದನ್ನು ನೋಡಿಯೇ ಕೂಗಲಿ ಎಂದು ಕಳುಹಿಸಿದ ತುಣುಕು ಅದು.

ಒಮ್ಮೆ ಮಾದರಿಯ ಮೇಲೆ ಮಾರಾಟವಾಯಿತೆಂದರೆ ಕಾಯ್ದೆ ಮೂರು ಷರತ್ತುಗಳನ್ನು ತಾನಾಗಿಯೇ ಸೇರಿಸುತ್ತದೆ. ಇಡೀ ಸರಕು ಗುಣಮಟ್ಟದಲ್ಲಿ ಮಾದರಿಗೆ ಹೊಂದಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಕೊಳ್ಳುವವರಿಗೆ ತಕ್ಕಷ್ಟು ಅವಕಾಶ ಸಿಗಬೇಕು. ಇನ್ನು ಮೂರನೆಯದು ಹೆಚ್ಚಿನವರ ಗಮನಕ್ಕೆ ಬಾರದ್ದು: ಮಾದರಿಯನ್ನು ಸಾಮಾನ್ಯ ಎಚ್ಚರದಿಂದ ಪರೀಕ್ಷಿಸಿದರೂ ಕಣ್ಣಿಗೆ ಬೀಳದಂಥ, ಸರಕನ್ನು ಮಾರಲಾಗದಂತೆ ಮಾಡುವ ದೋಷ ಅದರಲ್ಲಿ ಇರಬಾರದು. ಅಂದರೆ ದೋಷ ಮಾದರಿಯಲ್ಲೂ ಇತ್ತು ಎನ್ನುವುದು ಮಾರಿದವರಿಗೆ ಗುರಾಣಿಯಲ್ಲ. ಆ ದೋಷ ಮಾದರಿಯಲ್ಲಿ ಕಾಣುವಂತಿತ್ತು ಎನ್ನುವುದಷ್ಟೇ ಗುರಾಣಿ.

ಇದಕ್ಕೆ ಬಟ್ಟೆಯದೇ ಒಂದು ಹಳೆಯ ಮೊಕದ್ದಮೆ ಇದೆ. 1887ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಡ್ರಮಂಡ್ ಪ್ರಕರಣದಲ್ಲಿ ಕೋಟಿನ ಉಣ್ಣೆ ಬಟ್ಟೆ ಮಾದರಿಗೆ ಸರಿಯಾಗಿಯೇ ಇತ್ತು. ಆದರೆ ನೇಯ್ಗೆಯ ಎಳೆಗಳು ಜಾರುತ್ತಿದ್ದವು. ಹೊಲಿದು ತೊಟ್ಟರೆ ಹೊಲಿಗೆಯ ಬಳಿ ಬಿಟ್ಟುಕೊಳ್ಳುತ್ತಿತ್ತು. ಅದೇ ದೋಷ ಮಾದರಿಯಲ್ಲೂ ಇತ್ತು, ಆದರೆ ವ್ಯಾಪಾರಿಯೊಬ್ಬ ಎಂದಿನ ಎಚ್ಚರದಿಂದ ತುಣುಕನ್ನು ನೋಡಿದರೆ ತಿಳಿಯುವಂಥದ್ದಲ್ಲ. ತಯಾರಕರು ಸೋತರು. ಆ ತೀರ್ಪಿನ ತಿರುಳು ಇಷ್ಟು: ಆ ಕಸುಬಿನ ಎಚ್ಚರದ ಮನುಷ್ಯನಿಗೆ ಮಾದರಿ ಎಷ್ಟನ್ನು ಹೇಳಬಲ್ಲುದೋ ಅಷ್ಟನ್ನು ಮಾತ್ರ ಅದು ಹೇಳಿದಂತೆ. ನಮ್ಮ ಕಾಯ್ದೆಯ ಮೈಕಟ್ಟು 1893ರ ಇಂಗ್ಲಿಷ್ ಕಾಯ್ದೆಯದೇ ಆದ್ದರಿಂದ ಈ ಹಳೆಯ ತೀರ್ಪುಗಳಿಗೆ ಇಲ್ಲಿಯೂ ತೂಕವಿದೆ.

ನಮ್ಮ ಖರೀದಿದಾರರು ಈ ದಾರಿ ಹಿಡಿದರೆ ವಾದ ಸ್ವಲ್ಪ ಕಷ್ಟವೇ. ಬೆರಕೆ ಬಟ್ಟೆ ಮಾರಲಾಗದ ಬಟ್ಟೆಯೇನಲ್ಲ. ಬೆರಕೆ ಎಂದು ಹೇಳಿ ಧಾರಾಳವಾಗಿ ಮಾರಬಹುದು. ಜತೆಗೆ, ಬಟ್ಟೆ ವ್ಯಾಪಾರದಲ್ಲಿ ಎಳೆ ಸುಟ್ಟು ನೋಡುವುದು ಹೊಸ ವಿದ್ಯೆಯೇ, ನೀವೇ ಏಕೆ ಸುಡಲಿಲ್ಲ ಎಂದು ಎದುರಾಳಿ ವಕೀಲರು ಕೇಳದೆ ಬಿಡುವುದಿಲ್ಲ. ಮಾದರಿಯೊಂದನ್ನೇ ನೆಚ್ಚಿದ್ದರೆ ಅವರು ಸೋತರೂ ಸೋಲಬಹುದು. ಅವರನ್ನು ಉಳಿಸುವುದು ಪಟ್ಟಿಯಲ್ಲಿದ್ದ ಎರಡು ಪದಗಳು: ‘ಶುದ್ಧ ಹತ್ತಿ’.

ಎರಡೂ ಇದ್ದಾಗ ಎರಡಕ್ಕೂ ಹೊಂದಬೇಕು

15ನೇ ಕಲಮಿನ ಮೊದಲ ಭಾಗ ಸರಳ: ವಿವರಣೆ ಹೇಳಿ ಮಾರಿದರೆ ಸರಕು ಆ ವಿವರಣೆಗೆ ಹೊಂದಬೇಕು. ಎರಡನೆಯ ಭಾಗ ನಮ್ಮ ಪ್ರಕರಣಕ್ಕೆಂದೇ ಬರೆದಂತಿದೆ. ಮಾದರಿ ಮತ್ತು ವಿವರಣೆ ಎರಡರ ಮೇಲೂ ಮಾರಾಟ ನಡೆದಿದ್ದರೆ, ಸರಕು ಮಾದರಿಗೆ ಹೊಂದಿದರೆ ಸಾಲದು, ವಿವರಣೆಗೂ ಹೊಂದಬೇಕು. 1854ರ ನಿಕಲ್ ಪ್ರಕರಣದಲ್ಲಿ ‘ವಿದೇಶಿ ಶುದ್ಧೀಕರಿಸಿದ ರೇಪ್ ಬೀಜದ ಎಣ್ಣೆ, ಮಾದರಿಗೆ ಸಮನಾಗಿರುವುದಕ್ಕೆ ಮಾತ್ರ ಖಾತರಿ’ ಎಂದು ಮಾರಲಾಗಿತ್ತು. ಬಂದ ಎಣ್ಣೆ ಮಾದರಿಗೆ ಸಮನಾಗಿಯೇ ಇತ್ತು, ಏಕೆಂದರೆ ಮಾದರಿಯೂ ಬೆರಕೆಯೇ ಆಗಿತ್ತು! ಅದನ್ನು ತೆಗೆದುಕೊಳ್ಳಬೇಕಾದ ಹಂಗು ಖರೀದಿದಾರನಿಗಿಲ್ಲ ಎಂದಿತು ನ್ಯಾಯಾಲಯ. ಮಾದರಿ ಹೇಳುವುದು ಗುಣಮಟ್ಟವನ್ನು. ಆ ಸರಕು ಏನು ಎಂಬುದನ್ನು ಹೇಳುವುದು ವಿವರಣೆ. ಬೆರಕೆಯ ತುಣುಕು ತೋರಿಸಿ ‘ಹತ್ತಿ’ ಎಂದು ಹೆಸರಿಟ್ಟರೆ ಹೆಸರೇ ಗೆಲ್ಲುತ್ತದೆ.

ಆದರೆ ‘ನೋಡಿಯೇ ಕೊಂಡಿರಲ್ಲ’ ಎಂಬ ಮಾತು? ಕಣ್ಣಾರೆ ಕಂಡು ಕೊಂಡ ವಸ್ತುವೂ ವಿವರಣೆಯ ಮೇಲಿನ ಮಾರಾಟವಾಗಬಹುದು. 1967ರ ಬೀಲ್ ಪ್ರಕರಣದಲ್ಲಿ ಒಬ್ಬರು ‘1961ರ ಕಾರು’ ಎಂಬ ಜಾಹೀರಾತು ನೋಡಿ ಹೋಗಿ, ಕಾರನ್ನು ನೋಡಿಯೇ ಕೊಂಡರು. ಆಮೇಲೆ ತಿಳಿದದ್ದು, ಅದು ಎರಡು ಬೇರೆ ಬೇರೆ ಕಾರುಗಳ ಅರ್ಧರ್ಧ ಭಾಗ ಬೆಸೆದ ಗಾಡಿ ಎಂದು. ಒಂದು ಭಾಗ ಮಾತ್ರ 1961ರದ್ದು. ಮಾರಿದವರಿಗೂ ಆ ಸಂಗತಿ ಗೊತ್ತಿರಲಿಲ್ಲ. ಆದರೂ ಅವರೇ ಹೊಣೆಯಾದರು. ವಿವರಣೆಯ ಹೊಣೆಗೆ ಮೋಸದ ಉದ್ದೇಶ ಬೇಕಿಲ್ಲ, ಮಾತು ತಪ್ಪಾಗಿದ್ದರೆ ಸಾಕು. ‘ನಮಗೂ ಗಿರಣಿಯವರು ಹತ್ತಿ ಎಂದೇ ಹೇಳಿದ್ದರು’ ಎಂಬ ಸಮಜಾಯಿಷಿ ಗಿರಣಿಯವರ ಜತೆಗಿನ ಜಗಳಕ್ಕೆ ಉಪಯೋಗಕ್ಕೆ ಬರಬಹುದು, ಇಲ್ಲಿ ಬಾರದು.

ಇದಕ್ಕೊಂದು ಮಿತಿ ಇದೆ, ಮಾರುವವರ ಪಾಲಿಗೆ ಅದು ಮುಖ್ಯವಾದದ್ದು. ಕೊಂಡವರು ಆ ಮಾತನ್ನು ನಂಬಿ ಕೊಂಡಿರಬೇಕು. 1991ರಲ್ಲಿ ವರದಿಯಾದ ಹಾರ್ಲಿಂಗ್ಡನ್ ಪ್ರಕರಣದಲ್ಲಿ ಗೇಬ್ರಿಯೆಲ್ ಮುಂಟರ್ ಎಂಬ ಕಲಾವಿದೆಯದೆಂದು 6,000 ಪೌಂಡಿಗೆ ಮಾರಿದ ಚಿತ್ರ ನಕಲಿಯಾಗಿತ್ತು. ಆದರೆ ಮಾರಿದವರು ಈ ಶೈಲಿಯ ಚಿತ್ರಗಳ ಬಗ್ಗೆ ತಮಗೇನೂ ತಿಳಿಯದು ಎಂದು ಮೊದಲೇ ಹೇಳಿದ್ದರು. ಕೊಂಡವರೇ ಆ ಕ್ಷೇತ್ರದ ವ್ಯಾಪಾರಿಗಳು. ಅವರು ನೆಚ್ಚಿದ್ದು ಸ್ವಂತ ಕಣ್ಣನ್ನು, ಮಾರುವವರ ಮಾತನ್ನಲ್ಲ ಎಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಬಹುಮತದಿಂದ ತೀರ್ಮಾನಿಸಿತು. ನಮ್ಮ ಬಟ್ಟೆಯ ಪಟ್ಟಿಯಲ್ಲಿ ‘ನಾರಿನ ಪರೀಕ್ಷೆ ಮಾಡಿಸಿಲ್ಲ, ಖರೀದಿದಾರರೇ ಖಚಿತಪಡಿಸಿಕೊಳ್ಳಬೇಕು’ ಎಂದು ಬರೆದಿದ್ದರೆ ಮಾರಿದವರು ಬಹಳ ಗಟ್ಟಿಯಾದ ನೆಲದ ಮೇಲೆ ನಿಂತಿರುತ್ತಿದ್ದರು. ‘ಶುದ್ಧ’ ಎಂಬ ವಿಶೇಷಣವನ್ನು ಅವರು ಬೆಲೆ ಏರಲೆಂದೇ ಸೇರಿಸಿದ್ದು. ಏರಿದ ಬೆಲೆ ತಮಗೆ, ಏರಿಸಿದ ಮಾತು ತಮ್ಮದಲ್ಲ ಎನ್ನಲಾಗದು.

ಸುತ್ತಿಗೆ ಬಿದ್ದ ಮೇಲೆ

ಈಗ ‘ಇದ್ದದ್ದು ಇದ್ದ ಹಾಗೆ’ ಎಂಬ ಹರಾಜಿನ ಮಂತ್ರ. ಕಾಯ್ದೆಯ ಸೂಚ್ಯ ಷರತ್ತುಗಳನ್ನು ಒಪ್ಪಂದದಿಂದ ಕೈಬಿಡಲು 62ನೇ ಕಲಂ ಅವಕಾಶ ಕೊಡುತ್ತದೆ, ನಿಜ. ಆದರೆ ನ್ಯಾಯಾಲಯಗಳು ಇಂಥ ಕೈಬಿಡುವ ಮಾತುಗಳನ್ನು ಒಂದೊಂದು ಪದವಾಗಿ ಅಳೆಯುತ್ತವೆ. 1911ರ ವಾಲಿಸ್ ಪ್ರಕರಣದಲ್ಲಿ ಒಂದು ಜಾತಿಯ ಮೇವಿನ ಬೀಜವೆಂದು ಮಾರಿದ್ದು ಬಿತ್ತಿ ಬೆಳೆದ ಮೇಲೆ ಬೇರೆ, ಕೀಳು ಜಾತಿಯದೆಂದು ಗೊತ್ತಾಯಿತು. ‘ವಿವರಣೆ ಮುಂತಾದವಕ್ಕೆ ಯಾವ ಖಾತರಿಯೂ ಇಲ್ಲ’ ಎಂದು ಒಪ್ಪಂದದಲ್ಲೇ ಬರೆದಿತ್ತು. ಕೈಬಿಟ್ಟಿರುವುದು ಖಾತರಿಯನ್ನು, ಷರತ್ತನ್ನಲ್ಲ ಎಂದು ಮಾರಿದವರ ವಿರುದ್ಧವೇ ತೀರ್ಪು ಬಂತು. ಪದಗಳ ಮೇಲಿನ ಕಸರತ್ತಿನಂತೆ ಕಂಡರೂ ವ್ಯತ್ಯಾಸ ದೊಡ್ಡದು. ಷರತ್ತು ಮುರಿದರೆ ಸರಕನ್ನೇ ತಿರಸ್ಕರಿಸಬಹುದು. ಖಾತರಿ ಮುರಿದರೆ ಪರಿಹಾರ ಮಾತ್ರ. ‘ಇದ್ದ ಹಾಗೆ’ ಎಂಬ ಮಾತು ಕಲೆ, ಮಡಿಕೆಯ ಗೆರೆ, ಬಣ್ಣ ಮಾಸುವಿಕೆಯಂಥ ಸ್ಥಿತಿಯ ದೋಷಗಳಿಗೆ ಹೊದಿಕೆಯಾಗಬಲ್ಲುದು. ಹತ್ತಿಯಲ್ಲದ್ದನ್ನು ಹತ್ತಿಯಾಗಿಸುವ ಶಕ್ತಿ ಅದಕ್ಕಿದೆ ಎಂದು ನನಗೆ ಅನ್ನಿಸುವುದಿಲ್ಲ.

ಹರಾಜಿನದೇ ಆದ ನಿಯಮಗಳು 64ನೇ ಕಲಮಿನಲ್ಲಿವೆ. ಕೂಗುವುದೆಂದರೆ ಕೊಳ್ಳುವ ಪ್ರಸ್ತಾಪ ಮುಂದಿಡುವುದು. ಸುತ್ತಿಗೆ ಬಿದ್ದಾಗಲೋ ರೂಢಿಯ ಬೇರೆ ವಿಧಾನದಲ್ಲಿ ಮುಗಿಯಿತೆಂದು ಸಾರಿದಾಗಲೋ ಮಾರಾಟ ಪೂರ್ಣ. ಅಲ್ಲಿಯವರೆಗೆ ಕೂಗಿದವರು ಹಿಂದೆ ಸರಿಯಬಹುದು. ಸುತ್ತಿಗೆಯಿಲ್ಲದ ಆನ್‌ಲೈನ್ ಹರಾಜಿನಲ್ಲಿ ಆ ಗಳಿಗೆ ಯಾವುದು ಎಂಬುದನ್ನು ನಿಯಮಾವಳಿಯಲ್ಲೇ ಹುಡುಕಬೇಕು. ಸಮಯ ಮುಗಿದ ಕೂಡಲೇ ಮಾರಾಟ ಆಯಿತೇ, ಅಥವಾ ‘ಮಾಲೀಕರ ಒಪ್ಪಿಗೆಗೆ ಒಳಪಟ್ಟು’ ಎಂದಿದೆಯೇ? ಎರಡನೆಯದಾದರೆ ಪರದೆಯ ಮೇಲೆ ‘ನೀವು ಗೆದ್ದಿದ್ದೀರಿ’ ಎಂದು ಬಂದರೂ ಒಪ್ಪಂದ ಇನ್ನೂ ಹುಟ್ಟಿಲ್ಲ. ಭೀಮಸೇನ್ ವಲಾಯತಿ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1969ರಲ್ಲಿ ಹೇಳಿದ್ದು ಇದನ್ನೇ. ಮೇಲಧಿಕಾರಿಯ ಒಪ್ಪಿಗೆ ಬಾಕಿಯಿದ್ದ ಮದ್ಯದಂಗಡಿಯ ಹರಾಜಿನಲ್ಲಿ ಅತಿ ಹೆಚ್ಚು ಕೂಗಿದವರಿಂದ ಮರುಹರಾಜಿನ ನಷ್ಟವನ್ನು ವಸೂಲು ಮಾಡಲಾಗದು ಎಂದಿತು. ಒಪ್ಪಿಗೆ ಬಾಕಿ ಎಂಬ ಷರತ್ತು ಎರಡು ಕಡೆಯೂ ಕತ್ತರಿಸುತ್ತದೆ: ಗೆದ್ದವರು ಸರಕನ್ನು ಕೇಳಲಾರರು, ಮಾರುವವರು ಹಣವನ್ನು ಕೇಳಲಾರರು.

ಹಿಂದೆ ಸರಿಯುವ ಹಕ್ಕಿದ್ದರೂ ಠೇವಣಿ ಬೇರೆ ಮಾತು. ಪ್ರಸ್ತಾಪವನ್ನು ಹಿಂತೆಗೆದುಕೊಂಡರೆ ಠೇವಣಿ ಮುಟ್ಟುಗೋಲು ಎಂಬ ಷರತ್ತು ಊರ್ಜಿತವೆಂದು ಗಂಗಾ ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಒಪ್ಪಿದೆ. ಅದು ಟೆಂಡರಿನ ವಿಷಯ, ಆದರೆ ತರ್ಕ ಹರಾಜಿಗೂ ಒಗ್ಗುವಂಥದ್ದು.

ಇನ್ನೊಂದು ಸಂಗತಿ ಗೆದ್ದ ಸಂಭ್ರಮದಲ್ಲಿ ಮರೆತುಹೋಗುತ್ತದೆ. ನಿರ್ದಿಷ್ಟ ಸರಕು ಸಿದ್ಧವಾಗಿದ್ದು, ಬೇರೆ ಮಾತಿಲ್ಲದಿದ್ದರೆ, ಸುತ್ತಿಗೆ ಬಿದ್ದ ಗಳಿಗೆಯಲ್ಲೇ ಒಡೆತನ ದಾಟುತ್ತದೆ. ಅದರೊಂದಿಗೆ ನಷ್ಟದ ಭಯವೂ ದಾಟುತ್ತದೆ. ಆ ರಾತ್ರಿಯೇ ಗೋದಾಮಿಗೆ ಬೆಂಕಿ ಬಿದ್ದರೆ ಸುಟ್ಟದ್ದು ಗೆದ್ದವರ ಬಟ್ಟೆ. ಪೂರ್ತಿ ಹಣ ಸಂದಾಯವಾದ ಮೇಲೆಯೇ ಒಡೆತನ ಎಂಬ ನಿಯಮವಿದ್ದರೆ ಚಿತ್ರ ಬದಲಾಗುತ್ತದೆ, ಆದ್ದರಿಂದ ಆ ಸಾಲನ್ನು ಹುಡುಕಿ ಓದಬೇಕು. ಹಣ ಬರುವ ತನಕ ಸರಕನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಮಾರುವವರಿಗಿದೆ. ಬಂದು ಬಿಡಿಸಿಕೊಳ್ಳದಿದ್ದರೆ ನೋಟಿಸ್ ಕೊಟ್ಟು ಬೇರೆಯವರಿಗೆ ಮಾರಿ, ಕಡಿಮೆ ಬಿದ್ದ ಹಣವನ್ನು ಮೊದಲು ಗೆದ್ದವರಿಂದ ಕೇಳುವ ಹಕ್ಕೂ ಇದೆ. ನೋಟಿಸ್ ಕೊಡದೆ ಮಾರಿದರೆ, ಬೇಗ ಕೆಡುವ ಸರಕಿನ ಹೊರತು, ಆ ಹಕ್ಕು ಹೋಗುತ್ತದೆ.

ಹರಾಜಿನಲ್ಲಿ ಬೆಲೆ ಏರಿಸಿದ್ದು ಯಾರು ಎಂಬ ಅನುಮಾನವೂ ಬರಬಹುದು. ತಾವೂ ಕೂಗುತ್ತೇವೆ ಎಂದು ಮುಂಚಿತವಾಗಿ ಸಾರದೆ ಮಾರುವವರು ತಾವಾಗಲಿ, ಬೇರೆಯವರನ್ನು ಬಿಟ್ಟಾಗಲಿ ಕೂಗುವಂತಿಲ್ಲ. ಕೂಗಿದರೆ ಕೊಂಡವರು ಆ ಮಾರಾಟವನ್ನು ವಂಚನೆಯೆಂದು ಪರಿಗಣಿಸಬಹುದು. ‘ಮೀಸಲು ಬೆಲೆ ಇದೆ’ ಎಂದು ಪ್ರಕಟಿಸಿದರೆ ಸಾಕು ಎಂದು ಕೆಲವರು ತಿಳಿಯುತ್ತಾರೆ, ಸಾಲದು. ಮೀಸಲು ಬೆಲೆ ಇಡುವುದು ಬೇರೆ, ಕೂಗುವ ಹಕ್ಕನ್ನು ಕಾಯ್ದಿರಿಸುವುದು ಬೇರೆ, ಎರಡನೆಯದನ್ನು ಸ್ಪಷ್ಟವಾಗಿಯೇ ಹೇಳಬೇಕು. ಕಳ್ಳ ಕೂಗಿನ ಕುರುಹುಗಳು ಬಿಡ್‌ಗಳ ದಾಖಲೆಯಲ್ಲಿ ಉಳಿಯುತ್ತವೆ. ಒಂದೇ ಖಾತೆ ಲಾಟ್ ಲಾಟ್‌ನಲ್ಲೂ ನಿಮ್ಮ ಹಿಂದೆಯೇ ಒಂದೊಂದು ಮೆಟ್ಟಿಲು ಏರುತ್ತದೆ, ಆದರೆ ಗೆಲ್ಲುವುದಿಲ್ಲ. ಅಪ್ಪಿತಪ್ಪಿ ಗೆದ್ದರೆ ‘ಗೆದ್ದವರು ಹಣ ಕಟ್ಟಲಿಲ್ಲ, ನಿಮ್ಮ ಬೆಲೆಗೇ ಕೊಡುತ್ತೇವೆ’ ಎಂದು ಎರಡನೆಯವರಿಗೆ ಕರೆ ಬರುತ್ತದೆ. ಇದೊಂದೇ ಪುರಾವೆಯಾಗದು, ಆದರೆ ದಾಖಲೆ ಕೇಳಲು ಸಾಕಷ್ಟು ಕಾರಣ.

ಕತ್ತರಿ ಹಾಕುವ ಮುನ್ನ

ಮತ್ತೆ ನಮ್ಮ ಥಾನುಗಳಿಗೆ ಬರೋಣ. ಖರೀದಿದಾರರ ಹಕ್ಕು ಗಟ್ಟಿಯಾಗಿದೆ, ಆದರೆ ಅದು ಕರಗುವ ಹಕ್ಕು. ಒಪ್ಪಂದ ಬಿಡಿಬಿಡಿಯಾಗಿ ಒಡೆಯುವಂಥದ್ದಲ್ಲದೆ, ಸರಕನ್ನೋ ಅದರ ಒಂದು ಭಾಗವನ್ನೋ ಸ್ವೀಕರಿಸಿದ್ದರೆ, ಆಮೇಲೆ ಷರತ್ತಿನ ಉಲ್ಲಂಘನೆಯನ್ನು ಖಾತರಿಯ ಉಲ್ಲಂಘನೆ ಎಂದಷ್ಟೇ ಪರಿಗಣಿಸಬೇಕು ಎನ್ನುತ್ತದೆ 13ನೇ ಕಲಂ. ಸ್ವೀಕಾರಕ್ಕೆ ಸಹಿ ಬೇಕಿಲ್ಲ. ಮಾರಿದವರ ಒಡೆತನಕ್ಕೆ ಹೊಂದದಂಥ ಕೆಲಸ ಮಾಡಿದರೆ, ಅಥವಾ ಬೇಡವೆಂದು ತಿಳಿಸದೆ ತಕ್ಕ ಸಮಯ ದಾಟಿಸಿದರೆ, ಸ್ವೀಕರಿಸಿದಂತೆಯೇ. ಪರೀಕ್ಷೆಗೆಂದು ಎಳೆ ಕೀಳುವುದು, ಪ್ರಯೋಗಾಲಯಕ್ಕೆ ಅಗತ್ಯವಿದ್ದಷ್ಟು ತುಣುಕು ಕಳುಹಿಸುವುದು ಸ್ವೀಕಾರವಲ್ಲ. ನೋಡಿ ಪರಿಶೀಲಿಸುವ ಹಕ್ಕನ್ನು 41ನೇ ಕಲಂ ಕೊಟ್ಟಿದೆ. ಆದರೆ ಒಂದು ಥಾನನ್ನು ಶರ್ಟಿನ ಅಳತೆಗೆ ಕತ್ತರಿಸಿ ಹೊಲಿಗೆಗೆ ಕೊಟ್ಟರೆ ಆ ಲಾಟ್‌ನ 40 ಥಾನುಗಳನ್ನೂ ಸ್ವೀಕರಿಸಿದಂತೆ.

ಹರಾಜಿನ ಒಂದು ಸಣ್ಣ ನಿಯಮ ಇಲ್ಲಿ ಕೈಹಿಡಿಯುತ್ತದೆ: ಲಾಟ್‌ಗಳಾಗಿ ಇಟ್ಟ ಸರಕಿನಲ್ಲಿ ಮೇಲುನೋಟಕ್ಕೆ ಪ್ರತಿಯೊಂದು ಲಾಟ್ ಬೇರೆ ಬೇರೆ ಒಪ್ಪಂದ. ನಮ್ಮ ಖರೀದಿದಾರರು ಎಳೆ ಸುಡುವ ಮೊದಲೇ 7ನೇ ಲಾಟ್‌ನ ಎರಡು ಥಾನು ಕತ್ತರಿಸಿಬಿಟ್ಟಿದ್ದರು ಎಂದುಕೊಳ್ಳಿ. 7ನೇ ಲಾಟ್ ಅವರ ತಲೆಗೆ ಬಂತು, ಪರಿಹಾರ ಮಾತ್ರ ಕೇಳಬಹುದು. 8ನೇ ಲಾಟ್ ಅನ್ನು ಪೂರ್ತಿ ತಿರಸ್ಕರಿಸಬಹುದು.

ಪರಿಹಾರದ ಲೆಕ್ಕದಲ್ಲಿ ಅನೇಕರು ತಪ್ಪುತ್ತಾರೆ. ಥಾನಿಗೆ 100 ಮೀಟರಿನಂತೆ ಲಾಟ್‌ನಲ್ಲಿ 4,000 ಮೀಟರ್. ಅವರು ಕೂಗಿದ್ದು ಮೀಟರಿಗೆ 110 ರೂಪಾಯಿ. ಅಂಥ ಶುದ್ಧ ಹತ್ತಿ ಬಟ್ಟೆಗೆ ಆ ದಿನದ ಬೆಲೆ 140, ಬಂದಿರುವ ಬೆರಕೆಗೆ 90 ಎಂದು ಇಟ್ಟುಕೊಳ್ಳೋಣ. ಕಳೆದದ್ದು 110ರಲ್ಲಿ 90 ಹೋದರೆ ಉಳಿಯುವ 20 ಎಂದು ಮಾರಿದವರು ವಾದಿಸುತ್ತಾರೆ. ಆದರೆ ಸಾಮಾನ್ಯವಾಗಿ ಅಳೆಯುವುದು ಹೇಳಿದಂತಿದ್ದರೆ ಇರುತ್ತಿದ್ದ ಬೆಲೆಗೂ ಬಂದದ್ದರ ಬೆಲೆಗೂ ಇರುವ ಅಂತರವನ್ನು: 140ರಲ್ಲಿ 90 ಕಳೆದು 50. ಅಂದರೆ 7ನೇ ಲಾಟ್‌ಗೆ 2,00,000 ರೂಪಾಯಿ. ಅಗ್ಗಕ್ಕೆ ಕೂಗಿ ಗೆದ್ದ ಲಾಭ ಕೊಂಡವರದೇ. ಹಣ ಇನ್ನೂ ಕಟ್ಟದಿದ್ದರೆ 59ನೇ ಕಲಮಿನಂತೆ ಆ ಮೊತ್ತವನ್ನು ಬೆಲೆಯಲ್ಲೇ ಹಿಡಿದುಕೊಳ್ಳುವ ವಾದವನ್ನೂ ಮುಂದಿಡಬಹುದು.

8ನೇ ಲಾಟ್‌ನ ಕೆಲಸ ಇನ್ನೂ ಸರಳ, ಬೇಗ ಆಗಬೇಕು ಅಷ್ಟೇ. ಎಳೆ ಸುಟ್ಟ ಗುಂಡು ಅನುಮಾನಕ್ಕೆ ಸಾಕು, ನ್ಯಾಯಾಲಯಕ್ಕೆ ಸಾಲದು. ನಾರಿನ ಪ್ರಮಾಣ ಹೇಳುವ ಪ್ರಯೋಗಾಲಯದ ವರದಿ ಬೇಕು. ವರದಿ ಬರುವ ತನಕ ಬಾಯಿ ಮುಚ್ಚಿಕೊಂಡಿರುವುದು ತಪ್ಪು. ಅನುಮಾನ ಬಂದ ದಿನವೇ ಬರೆದು ತಿಳಿಸಿ, ವರದಿ ಬಂದೊಡನೆ ತಿರಸ್ಕರಿಸಿದ್ದೇನೆ ಎಂದು ಎರಡನೆಯ ಪತ್ರ ಹಾಕಬೇಕು. ಪಟ್ಟಿಯ ಪುಟವನ್ನು ಮಾರಿದವರು ಅಳಿಸುವ ಮೊದಲೇ ಪರದೆಯ ಚಿತ್ರ ತೆಗೆದಿಡಬೇಕು, ಉಳಿದ ಮಾದರಿಯ ತುಣುಕನ್ನು ಲಕೋಟೆಯಲ್ಲಿ ಹಾಕಿ ದಿನಾಂಕದೊಂದಿಗೆ ಮುಚ್ಚಬೇಕು. ಮಾರುವವರೂ ಹಾಗೆಯೇ ಒಂದು ತುಣುಕನ್ನು ಇಬ್ಬರ ಸಹಿಯೊಂದಿಗೆ ಇಟ್ಟುಕೊಂಡಿದ್ದರೆ ‘ಮಾದರಿ ಬೇರೆಯಿತ್ತು’ ಎಂಬ ಸುಳ್ಳು ದೂರಿನಿಂದ ತಪ್ಪಿಸಿಕೊಳ್ಳಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ತಾವೇ ಹೊಲಿಯುವವರು ಕೊಂಡಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಆಯೋಗದ ಬಾಗಿಲೂ ತೆರೆದಿದೆ. ಮರುಮಾರಾಟಕ್ಕೆ ಕೊಂಡವರಿಗೆ ಸಿವಿಲ್ ನ್ಯಾಯಾಲಯವೇ ದಾರಿ.

ಆ 40 ಥಾನುಗಳನ್ನು ಲಾರಿಗೆ ಹೇರಿಸಿ ತಮ್ಮ ಖರ್ಚಿನಲ್ಲಿ ವಾಪಸು ಕಳುಹಿಸಬೇಕೇ? ಬೇಡ. ಬೇರೆ ಒಪ್ಪಂದವಿಲ್ಲದಿದ್ದರೆ, ತಿರಸ್ಕರಿಸಿದ ಸರಕನ್ನು ಹಿಂದಿರುಗಿಸುವ ಹೊಣೆ ಕೊಂಡವರದಲ್ಲ, ತಿರಸ್ಕರಿಸಿದ್ದೇನೆ ಎಂದು ತಿಳಿಸಿದರೆ ಸಾಕು ಎನ್ನುತ್ತದೆ 43ನೇ ಕಲಂ. ಮಳೆಗೆ ನೆನೆಯದಂತೆ ಒಂದು ಮೂಲೆಯಲ್ಲಿ ಒಟ್ಟಿ, ಕಟ್ಟು ಬಿಚ್ಚದೆ ಇಟ್ಟಿರಬೇಕು. ಲಾರಿ ತರುವುದು ಮಾರಿದವರ ಕೆಲಸ.